ಲಕ್ಷ್ಮಣ ‘ಲಕ್ಷಣ’ನಾದಾಗ



ನಮ್ಮ ಬೆಳ್ಳಿಹಬ್ಬದ ಸಂಚಿಕೆಯಲ್ಲಿದ್ದ ವಿದ್ಯಾರ್ಥಿಗಳ ಪಟ್ಟಿಯನ್ನು ಸ್ಕ್ಯಾನ್ ಮಾಡಿ, ಅಚ್ಚಕ್ಷರ ಓದುವ ತಂತ್ರಾಂಶಕ್ಕೆ ಕೊಟ್ಟೆ. ‘ಲಕ್ಷ್ಮಣ’ ‘ಲಕ್ಷಣ’ನಾಗಿ ಹೊರಬಂದ! ‘ಕ್ಷ’ದ ಕೆಳಗಿನ ಮ-ಒತ್ತು ಬಲು ಚಿಕ್ಕದು, ಶಾಯಿ ಮಾಸಿದರೆ ಯಂತ್ರಕ್ಕೆ ಕಾಣದು. ನಿಘಂಟಿನಿಂದಲೂ ಈ ತಪ್ಪು ಸಿಗದು, ‘ಲಕ್ಷಣ’ವೂ ಸರಿಯಾದ ಪದವೇ ತಾನೆ.

ಅದಕ್ಕೆ ನಮ್ಮೂರ ಕಡೆಯ ಹೆಸರುಗಳದ್ದೇ ಪಟ್ಟಿ ಮಾಡಿದೆ. ಅದರಲ್ಲಿಲ್ಲದ ಹೆಸರು ಬಂದರೆ, ಒಂದೇ ಅಕ್ಷರದ ಅಥವಾ ಒತ್ತಿನ ವ್ಯತ್ಯಾಸವಿರುವ ಹೆಸರನ್ನು ಪ್ರೋಗ್ರಾಮ್ ಸೂಚಿಸುತ್ತದೆ.

ಆದರೆ ‘ಚೆನ್ನಪ್ಪ’ ‘ಚಿನ್ನಪ್ಪ’ನಾದರೆ? ಎರಡೂ ಪಟ್ಟಿಯಲ್ಲಿವೆ, ಪ್ರೋಗ್ರಾಮ್ ಸುಮ್ಮನಿರುತ್ತದೆ. ಅಂಥ ಜೋಡಿಹೆಸರುಗಳನ್ನು ಬೇರೆ ಗುರುತಿಸಿ, ಅಚ್ಚಿನ ಪುಟಕ್ಕೆ ಹೋಲಿಸಿದೆ. ಅಚ್ಚೇ ಅಳಿಸಿದ್ದ ಕಡೆ ಶಾಲೆಯ ದಾಖಲಾತಿ ಪುಸ್ತಕ ತೆರೆದೆ. ಹಾಗೆ ತಿದ್ದಿದ ಒಂದು ಹೆಸರು ನಮ್ಮಪ್ಪನದು.