ಥಾನಿನ ಕೊನೆಯ ತುಂಡಿಗೆ ಎಷ್ಟು ಬೆಲೆ?



ವಾಣಿಜ್ಯಶಾಸ್ತ್ರ ಓದುವ ನಿಮ್ಮಲ್ಲಿ ಹಲವರು ದಾಸ್ತಾನು ಮೌಲ್ಯಮಾಪನದ ಪಾಠವನ್ನು ಕೇಳಿರುತ್ತೀರಿ. ಈ ದಿನ ಆ ಪಾಠವನ್ನು ಒಂದು ಬಟ್ಟೆ ಅಂಗಡಿಯ ಒಳಗೆ ಹೋಗಿ ನೋಡೋಣ.

ಅಂಗಡಿಯವರು ನಮ್ಮ ಬಳಿ ನಲವತ್ತು ಮೀಟರ್ ಶರ್ಟ್ ಬಟ್ಟೆ ಇದೆ ಎನ್ನುತ್ತಾರೆ. ಅದು ಒಂದೇ ಉದ್ದದ ಬಟ್ಟೆಯಾಗಿದ್ದರೆ ಇಪ್ಪತ್ತೈದು ಶರ್ಟುಗಳಾಗುತ್ತವೆ, ಏಕೆಂದರೆ ಐವತ್ತೆಂಟು ಅಂಗುಲ ಪನ್ನದ ಬಟ್ಟೆಯಲ್ಲಿ ಒಂದು ತುಂಬುತೋಳಿನ ಶರ್ಟಿಗೆ ಸುಮಾರು 1.60 ಮೀಟರ್ ಬೇಕು. ಪನ್ನವೆಂದರೆ ಬಟ್ಟೆಯ ಅಗಲ. ಅದೇ ನಲವತ್ತು ಮೀಟರ್ ಒಂದೊಂದು ಮೀಟರಿನ ನಲವತ್ತು ತುಂಡುಗಳಾಗಿದ್ದರೆ? ಒಂದು ತುಂಬುತೋಳಿನ ಶರ್ಟೂ ಆಗುವುದಿಲ್ಲ. ಪುಸ್ತಕದಲ್ಲಿ ಮೀಟರುಗಳನ್ನು ಕೂಡಿಸಬಹುದು, ಬಟ್ಟೆಯ ತುಂಡುಗಳನ್ನು ಹಾಗೆ ಕೂಡಿಸಲಾಗದು. ಅಕ್ಕಿ, ಸಕ್ಕರೆಗಳ ವ್ಯಾಪಾರಿಗೆ ಈ ತೊಂದರೆಯಿಲ್ಲ. ಅವನ ಕೊನೆಯ ಕಿಲೋ ಅಕ್ಕಿಗೂ ಮೊದಲ ಕಿಲೋಗೂ ಒಂದೇ ಬೆಲೆ.

ಆದ್ದರಿಂದ ತಿಳಿದ ಅಂಗಡಿಯವರು ಬಟ್ಟೆಯ ಬಗೆಗೊಂದು ಪುಟ ಇಟ್ಟು ಸುಮ್ಮನಾಗುವುದಿಲ್ಲ; ಪ್ರತಿಯೊಂದು ಥಾನಿಗೂ, ಅಂದರೆ ಗಿರಣಿಯಿಂದ ಬಂದ ಪ್ರತಿಯೊಂದು ಉದ್ದಕ್ಕೂ, ಒಂದು ಸಂಖ್ಯೆ ಕೊಟ್ಟು ಪ್ರತ್ಯೇಕ ಚೀಟಿ ಇಡುತ್ತಾರೆ. ಈಗ ಅದನ್ನು ಕಂಪ್ಯೂಟರಿನಲ್ಲಿ ಬರೆಯುವವರೂ ಉಂಟು. ಬರೆಯುವ ಜಾಗ ಯಾವುದಾದರೂ ಕ್ರಮ ಒಂದೇ: ಬಂದದ್ದೆಷ್ಟು, ಪ್ರತಿ ಸಲ ಕತ್ತರಿಸಿದ್ದೆಷ್ಟು, ಉಳಿದದ್ದೆಷ್ಟು. ಬಣ್ಣ ಒಂದೇ ಎಂದು ಎರಡು ಥಾನುಗಳನ್ನು ಒಂದೇ ಚೀಟಿಗೆ ಸೇರಿಸಬಾರದು. ಬೇರೆ ಬೇರೆ ಸಲ ಬಣ್ಣ ಹಾಕಿದ ಬಟ್ಟೆಗಳ ಛಾಯೆಯಲ್ಲಿ ಸಣ್ಣ ವ್ಯತ್ಯಾಸವಿರುತ್ತದೆ. ಒಂದರಿಂದ ತೋಳು, ಇನ್ನೊಂದರಿಂದ ಬೆನ್ನು ಹೊಲಿದರೆ ಬಿಸಿಲಿನಲ್ಲಿ ಅದು ಎದ್ದು ಕಾಣುತ್ತದೆ.

ಈಗ ಒಂದು ಥಾನಿನ ಕಥೆಯನ್ನು ಕೊನೆಯವರೆಗೆ ನೋಡೋಣ. ಅಂಕಿಗಳು ಲೆಕ್ಕಕ್ಕೆಂದು ನಾವು ಇಟ್ಟುಕೊಂಡವು, ತೆರಿಗೆಯನ್ನು ಬದಿಗಿಡೋಣ. ಥಾನಿನ ಚೀಟಿಯಲ್ಲಿ 50 ಮೀಟರ್ ಎಂದಿದೆ, ಬಂದ ದಿನವೇ ಅಳೆದು ಸರಿಯಿದೆಯೆಂದು ನೋಡಿಕೊಂಡಿದ್ದಾರೆ. ಕೊಂಡ ಬೆಲೆ ಮೀಟರಿಗೆ 160 ರೂಪಾಯಿ, ಮಾರುವ ಬೆಲೆ 220. ಕೆಲವು ತಿಂಗಳುಗಳಲ್ಲಿ 1.60 ಮೀಟರಿನಂತೆ ಮೂವತ್ತು ಶರ್ಟಿನ ಬಟ್ಟೆ ಮಾರಾಟವಾಯಿತು. ಒಟ್ಟು 48 ಮೀಟರ್. ಚೀಟಿಯ ಪ್ರಕಾರ 2 ಮೀಟರ್ ಉಳಿದಿರಬೇಕು. ಮೇಜಿನ ಮೇಲೆ ಹರಡಿ ಅಳೆದರೆ ಇರುವುದು 1.40 ಮೀಟರ್!

ಅರವತ್ತು ಸೆಂಟಿಮೀಟರ್ ಎಲ್ಲಿ ಹೋಯಿತು? ಕಳವು ಎಂದು ಹುಡುಗರ ಮೇಲೆ ಕೂಗಾಡುವ ಮೊದಲು ಕತ್ತರಿಯ ಕಡೆ ನೋಡಬೇಕು. ಕತ್ತರಿಸುವವನು ಅಳತೆ ಕಡಿಮೆಯಾಯಿತೆಂಬ ಮಾತು ಬಾರದಿರಲೆಂದು ಪ್ರತಿ ಸಲವೂ ಎರಡು ಸೆಂಟಿಮೀಟರ್ ಹೆಚ್ಚು ಬಿಟ್ಟು ಕತ್ತರಿಸುತ್ತಾನೆ. ಮೂವತ್ತು ಸಲಕ್ಕೆ ಅರವತ್ತು ಸೆಂಟಿಮೀಟರ್ ಆಯಿತು. ಇದು ಗುಟ್ಟಿನ ನಷ್ಟವಲ್ಲ, ವ್ಯಾಪಾರದ ಖರ್ಚು. ಇನ್ನೊಂದು ಥಾನಿನಲ್ಲಿ ಐದೇ ಸಲ ಕತ್ತರಿಸಿದ್ದು, ಅರವತ್ತು ಸೆಂಟಿಮೀಟರ್ ಕಡಿಮೆ ಬಂದರೆ ಕಥೆ ಬೇರೆ. ಆಗ ಥಾನು ಬಂದಾಗಲೇ ಕಡಿಮೆಯಿತ್ತೇ ಎಂದು ಸರಬರಾಜುದಾರರ ಬೇರೆ ಥಾನುಗಳನ್ನು ಅಳೆದು ನೋಡಬೇಕು. ಇದಕ್ಕಿಂತ ಉದ್ದದ ಥಾನೊಂದರಲ್ಲಿ ಮೂವತ್ತು ಶರ್ಟಿನ ಬಿಲ್ಲಿದ್ದು, 2.22 ಮೀಟರ್ ಕಡಿಮೆ ಬಂದಿದ್ದರೆ? ಅರವತ್ತು ಸೆಂಟಿಮೀಟರ್ ಕಳೆದರೆ 1.62 ಉಳಿಯುತ್ತದೆ, ಅಂದರೆ ಸರಿಯಾಗಿ ಒಂದು ಶರ್ಟಿನ ಕತ್ತರಿಕೆ. ಬಹುಶಃ ಒಂದು ಬಿಲ್ಲನ್ನೇ ಬರೆದಿಲ್ಲ. ಕೊರತೆಯ ಅಳತೆಯೇ ಅದರ ಕಾರಣವನ್ನು ಸೂಚಿಸುವುದು ಹೀಗೆ. ಅಂಗಡಿಯ ದಾಸ್ತಾನನ್ನೆಲ್ಲ ಒಟ್ಟು ಮೀಟರಿನಲ್ಲಿ ಬರೆದಿಟ್ಟರೆ ಈ ಸೂಚನೆ ಸಿಗುವುದೇ ಇಲ್ಲ.

ಇನ್ನು ಆ 1.40 ಮೀಟರಿಗೆ ಬೆಲೆ ಕಟ್ಟಬೇಕು. ದಾಸ್ತಾನನ್ನು ಕೊಂಡ ಬೆಲೆ ಅಥವಾ ನಿವ್ವಳ ಮಾರಾಟ ಮೌಲ್ಯ, ಇವೆರಡರಲ್ಲಿ ಯಾವುದು ಕಡಿಮೆಯೋ ಅದರಲ್ಲಿ ತೋರಿಸಬೇಕೆಂಬುದು ನಮ್ಮ ದೇಶದ ಲೆಕ್ಕಪತ್ರ ಮಾನದಂಡದ ನಿಯಮ. ಮಾರಿದಾಗ ಬರುವ ಹಣದಲ್ಲಿ ಮಾರುವುದಕ್ಕೆ ತಗಲುವ ಖರ್ಚು ಕಳೆದರೆ ಉಳಿಯುವುದೇ ನಿವ್ವಳ ಮಾರಾಟ ಮೌಲ್ಯ. ಈ ತುಂಡಿನಲ್ಲಿ ತುಂಬುತೋಳಿನ ಶರ್ಟು ಬರುವುದಿಲ್ಲ, ಹುಡುಗನೊಬ್ಬನಿಗೆ ಅರ್ಧತೋಳಿನ ಶರ್ಟು ಬಂದೀತು. ತುಂಡು ಬಟ್ಟೆಯ ರಾಶಿಯಲ್ಲಿ 130 ರೂಪಾಯಿಗೆ ಹೋಗುತ್ತದೆ ಎನ್ನೋಣ. ಇಸ್ತ್ರಿ, ಚೀಟಿ, ಚೀಲಕ್ಕೆ 10 ರೂಪಾಯಿ. ಉಳಿಯುವುದು 120. ಕೊಂಡ ಬೆಲೆಯಂತೆ ನೋಡಿದರೆ 224. ಎರಡರಲ್ಲಿ ಕಡಿಮೆಯಾದ 120 ಅನ್ನೇ ಬರೆಯಬೇಕು.

ಚೀಟಿಯನ್ನೇ ನಂಬಿ ಕುಳಿತವರು 2 ಮೀಟರಿಗೆ 320 ರೂಪಾಯಿ ಎಂದು ಬರೆಯುತ್ತಿದ್ದರು. ವ್ಯತ್ಯಾಸ 200 ರೂಪಾಯಿ: ಕತ್ತರಿಯಲ್ಲಿ ಹೋದದ್ದು 96, ತುಂಡಾದ ಕಾರಣ ಬೆಲೆ ಇಳಿದದ್ದು 104. ಒಂದು ಥಾನಿಗೆ ಇದು ಅಲ್ಪವೆನಿಸಬಹುದು. ಇಂಥ ನೂರು ಥಾನುಗಳಿದ್ದರೆ ವರ್ಷದ ಕೊನೆಯಲ್ಲಿ ಇಲ್ಲದ ಇಪ್ಪತ್ತು ಸಾವಿರ ರೂಪಾಯಿ ಲಾಭವಾಗಿ ಕಾಣುತ್ತದೆ, ಮನೆಯವರು ಅದನ್ನು ನಂಬಿ ಖರ್ಚು ಮಾಡುತ್ತಾರೆ, ಆದಾಯ ತೆರಿಗೆಯನ್ನೂ ಕಟ್ಟುತ್ತಾರೆ.

ಎಲ್ಲ ತುಂಡಿಗೂ ಅರ್ಧ ಬೆಲೆ ಎಂದು ಹಾಕಿಬಿಟ್ಟರೆ ಸುಲಭವಲ್ಲವೇ ಎಂದು ನೀವು ಕೇಳಬಹುದು. ಸುಲಭ ನಿಜ, ಆದರೆ ಸರಿಯಲ್ಲ. ತುಂಡಿನ ಬೆಲೆ ಅದರಿಂದ ಏನನ್ನು ಹೊಲಿಯಬಹುದು ಎಂಬುದರ ಮೇಲೆ ನಿಂತಿದೆ. ರವಿಕೆ ಬಟ್ಟೆಯ ಒಂದು ಮೀಟರ್ ತುಂಡು ಉಳಿದಿದೆ, ಕೊಂಡದ್ದು 60 ರೂಪಾಯಿಗೆ ಎನ್ನೋಣ. ಅದು ತುಂಡೇ ಅಲ್ಲ, ಒಂದು ಪೂರ್ಣ ರವಿಕೆ ಕಣ! 90 ರೂಪಾಯಿಗೆ ಸಲೀಸಾಗಿ ಹೋಗುತ್ತದೆ. ಹಾಗೆಂದು 90 ಎಂದು ಬರೆಯುವಂತಿಲ್ಲ. ಕೊಂಡ ಬೆಲೆಯೇ ಕಡಿಮೆಯಾದ್ದರಿಂದ 60. ಇಲ್ಲಿ ಅರ್ಧ ಬೆಲೆ ಹಾಕಿದವನು 30 ರೂಪಾಯಿಯ ಸುಳ್ಳು ನಷ್ಟ ತೋರಿಸಿದಂತಾಯಿತು.

ತುಂಡು ಹುಟ್ಟಿದ ದಿನವೇ ಅದನ್ನು ಥಾನಿನ ಚೀಟಿಯಿಂದ ತೆಗೆದು ತುಂಡುಗಳ ಪುಸ್ತಕಕ್ಕೆ ಸೇರಿಸಬೇಕು. ಮೂಲ ಥಾನಿನ ಸಂಖ್ಯೆ, ಅಳೆದ ಉದ್ದ, ಪನ್ನ, ತಾರೀಖು, ಕಲೆ ಅಥವಾ ನೂಲಿನ ದೋಷವಿದ್ದರೆ ಅದು, ಇಷ್ಟನ್ನು ಬರೆದ ಚೀಟಿಯನ್ನು ತುಂಡಿಗೇ ಹೊಲಿಯುವುದು ಒಳ್ಳೆಯದು. ಗುಂಡುಸೂಜಿ ತುಕ್ಕು ಹಿಡಿದು ಕಲೆ ಮಾಡುತ್ತದೆ. ಅಳೆಯುವಾಗ ಬಟ್ಟೆಯನ್ನು ಎಳೆಯಬಾರದು. ಹಿಗ್ಗುವ ಹೆಣಿಗೆ ಬಟ್ಟೆಗಂತೂ ಮೀಟರಿಗಿಂತ ತೂಕವೇ ನಂಬಿಕೆಯ ಅಳತೆ.

ಇನ್ನೂ ಜಾಣರಾದವರು ತುಂಡು ಹುಟ್ಟುವುದಕ್ಕೂ ಮೊದಲೇ ಎಚ್ಚರವಾಗುತ್ತಾರೆ. ನಮ್ಮ ಥಾನಿನಲ್ಲಿ ಇಪ್ಪತ್ತೊಂಬತ್ತನೆಯ ಕತ್ತರಿಕೆ ಮುಗಿದಾಗ 3.02 ಮೀಟರ್ ಇತ್ತು. ಮೂವತ್ತನೆಯ ಗಿರಾಕಿ ಅಪ್ಪನಾಗಿದ್ದು ಜೊತೆಯಲ್ಲಿ ಮಗನೂ ಬಂದಿದ್ದರೆ, "ಸ್ವಾಮಿ, ಉಳಿದದ್ದರಲ್ಲಿ ಮಗುವಿಗೂ ಒಂದು ಶರ್ಟು ಆಗುತ್ತದೆ, ಇನ್ನೂರು ರೂಪಾಯಿ ಕೊಟ್ಟು ತೆಗೆದುಕೊಂಡು ಹೋಗಿ" ಎಂದರೆ ಸಾಕು. ರಾಶಿಯಲ್ಲಿ 130 ತರುವ ಬಟ್ಟೆ ಆಗ 200 ತರುತ್ತದೆ. ಒಮ್ಮೆ ರಾಶಿಗೆ ಬಿದ್ದ ಮೇಲೆ ಅದಕ್ಕೆ ಜೊತೆಯಿಲ್ಲ, ಮಡಿಕೆಯ ಗೆರೆಯಲ್ಲಿ ಬಣ್ಣ ಮಾಸುತ್ತದೆ. ಅದಕ್ಕೇ ಪ್ರತಿ ಎಣಿಕೆಯಲ್ಲೂ ತಾರೀಖು ನೋಡಿ ಹಳೆಯ ತುಂಡುಗಳ ಬೆಲೆಯನ್ನು ಮತ್ತೆ ಕಟ್ಟಬೇಕಾಗುತ್ತದೆ. ಗೇಣುದ್ದದ ಚೂರುಗಳಿಗೆ ಈ ಶ್ರಮವೇ ಬೇಡ. ಅವು ತೂಕದ ಲೆಕ್ಕದಲ್ಲಿ ಕೌದಿ ಹೊಲಿಯುವವರಿಗೋ ಗೊಂಬೆ ಮಾಡುವವರಿಗೋ ಹೋಗುತ್ತವೆ. ದಾಸ್ತಾನಿನಲ್ಲಿ ಅವುಗಳ ಬೆಲೆ ಸೊನ್ನೆ ಎಂದಿಟ್ಟು, ಮಾರಿದ ದಿನ ಬಂದ ಹಣವನ್ನು ಇತರ ಆದಾಯವೆಂದು ಬರೆದುಕೊಂಡರಾಯಿತು.