ತಾಲ್ಮೂದಿನ ಉಲ್ಲೇಖವನ್ನು ಓದುವ ಬಗೆ

ಒಬ್ಬನ ಪ್ರಾಣವನ್ನು ಉಳಿಸಿದವನು ಇಡೀ ಲೋಕವನ್ನೇ ಉಳಿಸಿದಂತೆ ಎಂಬ ಅರ್ಥದ ಮಾತೊಂದು ಈಚೆಗೆ ಬಹಳ ಬಳಕೆಯಲ್ಲಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸಾವಿರಕ್ಕೂ ಮಿಕ್ಕ ಯೆಹೂದ್ಯರ ಪ್ರಾಣವನ್ನು ಕಾಪಾಡಿದ ಆಸ್ಕರ್ ಷಿಂಡ್ಲರ್ ಎಂಬ ಜರ್ಮನ್ ಕಾರ್ಖಾನೆಯ ಒಡೆಯನ ಕಥೆ 1993ರಲ್ಲಿ ಚಲನಚಿತ್ರವಾಗಿ ಬಂದಮೇಲಂತೂ ಇದನ್ನು ಅರಿಯದವರು ವಿರಳ. ಈ ಮಾತನ್ನು ಎತ್ತಿ ಹೇಳುವ ಲೇಖಕರಲ್ಲಿ ಕೆಲವರು ಅದರ ಕೆಳಗೆ ‘ತಾಲ್ಮೂದ್, ಸನ್ಹೆದ್ರಿನ್ 37ಎ’ ಎಂದು ಆಕರವನ್ನು ಕೊಟ್ಟಿರುತ್ತಾರೆ. ಓದುಗರು ಅದನ್ನು ನೋಡಿ, ಏನೋ ಪುಟದ ಸಂಖ್ಯೆಯಿರಬೇಕೆಂದು ಮುಂದಕ್ಕೆ ಹೋಗುತ್ತಾರೆ. ಅದು ಪುಟದ ಸಂಖ್ಯೆಯಲ್ಲ. ಅದನ್ನು ಓದುವ ಬಗೆ ತಿಳಿದರೆ, ಆ ಮಾತು ನಿಜವಾಗಿ ಅಲ್ಲಿದೆಯೇ, ಇದ್ದರೆ ಯಾವ ಸಂದರ್ಭದಲ್ಲಿದೆ ಎಂಬುದನ್ನು ನೀವೇ ಹುಡುಕಿ ನೋಡಬಹುದು.

ತಾಲ್ಮೂದ್ ಎಂಬುದು ಯೆಹೂದ್ಯರ ಧರ್ಮಶಾಸ್ತ್ರದ ಮಹಾಗ್ರಂಥ. ಅದರಲ್ಲಿ ಎರಡು ಪದರಗಳುಂಟು. ಕ್ರಿಸ್ತಶಕ 200ರ ಸುಮಾರಿಗೆ ಸಂಗ್ರಹವಾದ ‘ಮಿಷ್ನಾ’ ಮೊದಲನೆಯದು. ಇದು ನಮ್ಮ ಸೂತ್ರಗಳಂತೆ ಅಡಕವಾದದ್ದು. ಅದರ ಮೇಲೆ ಮುಂದಿನ ಶತಮಾನಗಳ ಪಂಡಿತರು ನಡೆಸಿದ ವಾದವಿವಾದ, ಪ್ರಶ್ನೋತ್ತರ, ಕಥೆ, ದೃಷ್ಟಾಂತಗಳು ಎರಡನೆಯದು. ಅದಕ್ಕೆ ‘ಗೆಮಾರಾ’ ಎಂದು ಹೆಸರು. ಬಾಬಿಲೋನಿಯದ ಪಂಡಿತರ ತಾಲ್ಮೂದ್ ಒಂದು, ಪ್ಯಾಲೆಸ್ಟೈನಿನ ಪಂಡಿತರ ತಾಲ್ಮೂದ್ ಇನ್ನೊಂದು. ಎರಡನೆಯದನ್ನು ಜೆರೂಸಲೇಮ್ ತಾಲ್ಮೂದ್ ಎಂದು ಕರೆಯುವ ವಾಡಿಕೆ. ಬರಿದೇ ತಾಲ್ಮೂದ್ ಎಂದರೆ ಬಾಬಿಲೋನಿಯದ್ದೆಂದು ತಿಳಿಯಬೇಕು. ನಮ್ಮ ಉಲ್ಲೇಖ ಅದಕ್ಕೇ ಸೇರಿದ್ದು.

ಈಗ ಉಲ್ಲೇಖದ ಮೂರು ಅಂಗಗಳನ್ನು ಒಂದೊಂದಾಗಿ ಬಿಡಿಸೋಣ. ಮೊದಲನೆಯದು ‘ಸನ್ಹೆದ್ರಿನ್’ ಎಂಬ ಹೆಸರು. ತಾಲ್ಮೂದ್ ಪ್ರಕರಣಗಳಾಗಿ ವಿಭಾಗವಾಗಿದೆ. ಸಬ್ಬತ್ತಿನ ವಿಧಿಗಳಿಗೊಂದು, ವಿವಾಹಕ್ಕೊಂದು, ಪ್ರಾರ್ಥನೆಗೊಂದು, ಹೀಗೆ. ನ್ಯಾಯಸ್ಥಾನ, ನ್ಯಾಯಾಧೀಶರು, ಸಾಕ್ಷಿಗಳು, ಮರಣದಂಡನೆ ಇವುಗಳ ವಿಚಾರ ಹೇಳುವ ಪ್ರಕರಣದ ಹೆಸರು ಸನ್ಹೆದ್ರಿನ್. ಪ್ರತಿಯೊಂದು ಪ್ರಕರಣಕ್ಕೂ ಹಾಳೆಗಳ ಎಣಿಕೆ ಬೇರೆಯೇ ಆದ್ದರಿಂದ, ಈ ಹೆಸರನ್ನು ಬಿಟ್ಟು ‘ತಾಲ್ಮೂದ್ 37ಎ’ ಎಂದಷ್ಟೇ ಬರೆದರೆ ಅದರಿಂದ ಏನೂ ಪ್ರಯೋಜನವಿಲ್ಲ. ಊರಿನ ಹೆಸರು ಹೇಳದೆ ಬರಿಯ ಮನೆಯ ಸಂಖ್ಯೆ ಕೊಟ್ಟಂತೆ.

ಎರಡನೆಯದು 37 ಎಂಬ ಅಂಕಿ. ಇದು ಪುಟವನ್ನಲ್ಲ, ಹಾಳೆಯನ್ನು ಹೇಳುತ್ತದೆ. ಹೀಬ್ರೂ ಭಾಷೆಯಲ್ಲಿ ಹಾಳೆಗೆ ‘ದಫ್’ ಎಂದು ಹೆಸರು. ನಮ್ಮ ಓಲೆಯ ಕಟ್ಟುಗಳನ್ನು ನೋಡಿದವರಿಗೆ ಇದು ಹೊಸದಾಗಿ ಕಾಣದು. ಅಲ್ಲಿಯೂ ಸಂಖ್ಯೆ ಹಾಕುವುದು ಗರಿಗೆ. ಗರಿಯ ಎರಡು ಮಗ್ಗುಲಿಗೂ ಸೇರಿ ಒಂದೇ ಸಂಖ್ಯೆ. ಮೂರನೆಯದು ‘ಎ’ ಎಂಬ ಅಕ್ಷರ. ಹಾಳೆಯ ಮೊದಲ ಮಗ್ಗುಲು ಎ, ತಿರುವಿದಾಗ ಬರುವ ಮಗ್ಗುಲು ಬಿ. ಆದ್ದರಿಂದ ಸನ್ಹೆದ್ರಿನ್ 37ಎ ಎಂದರೆ, ಸನ್ಹೆದ್ರಿನ್ ಪ್ರಕರಣದ 37ನೆಯ ಹಾಳೆಯ ಮೊದಲ ಮಗ್ಗುಲು ಎಂದರ್ಥ.

ಯಾವ ಮುದ್ರಣದ ಹಾಳೆ ಎಂದು ನೀವು ಕೇಳಬಹುದು. ಸಾಮಾನ್ಯವಾಗಿ ಮುದ್ರಣ ಬದಲಾದರೆ ಪುಟವೂ ಬದಲಾಗುತ್ತದೆ. ತಾಲ್ಮೂದಿನ ವಿಶೇಷ ಇರುವುದೇ ಇಲ್ಲಿ. ಕೈಬರಹದ ಕಾಲದಲ್ಲಿ ಪಂಡಿತರು ಅಧ್ಯಾಯದ ಮೊದಲ ಮಾತುಗಳನ್ನು ಹೇಳಿ ಸ್ಥಳವನ್ನು ಸೂಚಿಸುತ್ತಿದ್ದರು. ನಮ್ಮ ವ್ಯಾಖ್ಯಾನಕಾರರು ಪ್ರತೀಕ ಹಿಡಿಯುವಂತೆ. ವೆನಿಸ್ ನಗರದಲ್ಲಿ ಡೇನಿಯಲ್ ಬಾಂಬರ್ಗ್ ಎಂಬ ಮುದ್ರಕ 1520ರಿಂದ 1523ರವರೆಗೆ ಬಾಬಿಲೋನಿಯ ತಾಲ್ಮೂದನ್ನು ಮೊದಲ ಬಾರಿಗೆ ಪೂರ್ಣವಾಗಿ ಅಚ್ಚು ಹಾಕಿದ. ಅವನು ಕ್ರೈಸ್ತ, ಗ್ರಂಥದ ಪರಿಶೋಧನೆಯಲ್ಲಿ ಯೆಹೂದ್ಯ ಪಂಡಿತರ ನೆರವನ್ನು ಪಡೆದಿದ್ದ. ಅವನ ಮುದ್ರಣದಲ್ಲಿ ಹಾಳೆ ಎಲ್ಲಿಗೆ ಮುಗಿಯಿತೋ, ಮುಂದಿನವರೂ ಬಹುಮಟ್ಟಿಗೆ ಅಲ್ಲಿಗೇ ಮುಗಿಸಿದರು. 1880ರಿಂದ 1886ರವರೆಗೆ ವಿಲ್ನಾ ನಗರದ ರೋಮ್ ಮನೆತನದ ಮುದ್ರಣಾಲಯ ಹೊರತಂದ ಪ್ರತಿ ಆ ಪದ್ಧತಿಯನ್ನು ಇನ್ನಷ್ಟು ಭದ್ರಪಡಿಸಿತು. ಆದ್ದರಿಂದಲೇ ಯಾವ ಊರಿನ ಅಚ್ಚಾದರೂ 37ಎ ಒಂದೇ ಆಗಿರುತ್ತದೆ. ವಾಕ್ಯ ನಡುವೆ ಮುರಿದರೂ ಚಿಂತೆಯಿಲ್ಲ, ಹಾಳೆಯ ಕೊನೆ ಬದಲಾಗಬಾರದು ಎಂಬುದು ಅವರ ನಿಯಮ.

ಇಂಥ ಸಂಪುಟವೊಂದು ನಿಮ್ಮ ಕೈಗೆ ಬಂದಿದೆಯೆಂದು ಭಾವಿಸಿ. ಹೀಬ್ರೂ ಬಲದಿಂದ ಎಡಕ್ಕೆ ಸಾಗುವ ಲಿಪಿ. ಆದ್ದರಿಂದ ಪುಸ್ತಕವೂ ನಮಗೆ ಹಿಂಬದಿ ಎನಿಸುವ ಕಡೆಯಿಂದ ತೆರೆಯುತ್ತದೆ. ತೆರೆದಿಟ್ಟ ಪುಸ್ತಕದಲ್ಲಿ ಬಲಗಡೆಯದು ಹಿಂದಿನ ಹಾಳೆಯ ಬಿ ಮಗ್ಗುಲು. ಎಡಗಡೆಯದು ಮುಂದಿನ ಹಾಳೆಯ ಎ ಮಗ್ಗುಲು. ನಮಗೆ ಬೇಕಾದ 37ಎ ಎಡಗಡೆ ಸಿಗುತ್ತದೆ. ಅದರ ಎದುರಿಗೆ, ಬಲಗಡೆ, 36ಬಿ ಇರುತ್ತದೆ.

ಎಡಪುಟದ ಮೇಲ್ತುದಿಯಲ್ಲಿ ಹಾಳೆಯ ಸಂಖ್ಯೆಯನ್ನು ಹೀಬ್ರೂ ಅಕ್ಷರಗಳಲ್ಲಿ ಅಚ್ಚು ಮಾಡಿರುತ್ತಾರೆ. ಆ ಲಿಪಿಯಲ್ಲಿ ಅಕ್ಷರಗಳೇ ಅಂಕಿಗಳು. ನಮ್ಮ ಕಟಪಯಾದಿಗಿಂತ ಸುಲಭವಾದ ಲೆಕ್ಕ. ‘ಲಾಮೆದ್’ ಎಂದರೆ 30, ‘ಝಾಯಿನ್’ ಎಂದರೆ 7. ಎರಡೂ ಒಟ್ಟಿಗೆ ಬಂದರೆ 37. ಆ ಲಿಪಿ ಬಾರದವರಿಗೆ ವಿಲ್ನಾ ಪ್ರತಿಯ ಬಲಪುಟದಲ್ಲಿ ಒಂದು ಆಸರೆಯುಂಟು. ಅಲ್ಲಿ ನಾವು ಬಳಸುವಂಥ ಸಾಧಾರಣ ಅಂಕಿ ಅಚ್ಚಾಗಿರುತ್ತದೆ. ಆದರೆ ಎಚ್ಚರಿಕೆ ಬೇಕು! ಆ ಅಂಕಿ ಮಾತ್ರ ಪುಟದ ಲೆಕ್ಕ, ಹಾಳೆಯ ಲೆಕ್ಕವಲ್ಲ. 36ಬಿ ಇರುವ ಕಡೆ 72 ಎಂದು ಕಾಣುತ್ತದೆ. ಅದನ್ನು 72ನೆಯ ಹಾಳೆ ಎಂದು ತಿಳಿದವರು ಪ್ರಕರಣದ ಸುಮಾರು ಮೂರನೆಯ ಒಂದು ಭಾಗದಷ್ಟು ದೂರ ದಾರಿ ತಪ್ಪುತ್ತಾರೆ. ಅರ್ಧ ಮಾಡಿದರೆ 36 ಬರುತ್ತದೆ. ಅದು ಬಲಪುಟದ ಹಾಳೆ. ಒಂದು ಕೂಡಿಸಿದರೆ ಎಡಪುಟದ ಹಾಳೆ 37.

ಹೀಬ್ರೂವಿನಲ್ಲೇ ಬರೆದ ಉಲ್ಲೇಖಗಳಲ್ಲಿ ಎ, ಬಿ ಎಂಬುದಕ್ಕೆ ಬದಲಾಗಿ ಚುಕ್ಕೆಗಳನ್ನೂ ಬಳಸುವುದುಂಟು. ಸಂಖ್ಯೆಯ ಮುಂದೆ ಒಂದು ಚುಕ್ಕೆಯಿದ್ದರೆ ಮೊದಲ ಮಗ್ಗುಲು. ನಮ್ಮ ವಿಸರ್ಗದಂತೆ ಒಂದರ ಮೇಲೊಂದು ಎರಡು ಚುಕ್ಕೆಗಳಿದ್ದರೆ ಎರಡನೆಯ ಮಗ್ಗುಲು. ಆ ಒಂದು ಚುಕ್ಕೆಯನ್ನು ವಾಕ್ಯದ ಪೂರ್ಣವಿರಾಮವೆಂದು ಅಲಕ್ಷಿಸಬಾರದು.

ಉಲ್ಲೇಖ ಸರಿಯೇ ತಪ್ಪೇ ಎಂಬುದನ್ನು ಪುಸ್ತಕ ತೆರೆಯುವ ಮೊದಲೇ ಊಹಿಸಲು ಕೆಲವು ಗುರುತುಗಳಿವೆ. ಯಾವ ಪ್ರಕರಣದಲ್ಲೂ 1ಎ ಎಂಬುದಿಲ್ಲ. ಶೀರ್ಷಿಕೆಯ ಹಾಳೆಯನ್ನೇ ಒಂದೆಂದು ಎಣಿಸುವುದರಿಂದ ಗ್ರಂಥ 2ಎ ಎಂದೇ ಆರಂಭವಾಗುತ್ತದೆ. ತಾಮೀದ್ ಎಂಬ ಸಣ್ಣ ಪ್ರಕರಣ ಮಾತ್ರ 25ಬಿಯಿಂದ ತೊಡಗುತ್ತದೆ. ಅದರ ಹಿಂದೆ ಇರುವ ಪ್ರಕರಣಗಳ ಎಣಿಕೆಯನ್ನೇ ಅಲ್ಲಿ ಮುಂದುವರಿಸಿದ್ದಾರೆ. ಸನ್ಹೆದ್ರಿನ್ 113ನೆಯ ಹಾಳೆಗೆ ಮುಗಿಯುತ್ತದೆ. ಯಾರಾದರೂ ಸನ್ಹೆದ್ರಿನ್ 120ಎ ಎಂದು ಬರೆದರೆ ಅಂಥ ಸ್ಥಳವೇ ಇಲ್ಲ. ಸಂಖ್ಯೆಯ ಮುಂದೆ ಸಿ ಅಥವಾ ಡಿ ಎಂದಿದ್ದರೆ ಅದು ಜೆರೂಸಲೇಮ್ ತಾಲ್ಮೂದಿನದು. ಅದರ ಹಳೆಯ ವೆನಿಸ್ ಮುದ್ರಣದಲ್ಲಿ ಮಗ್ಗುಲಿಗೆ ಎರಡರಂತೆ ಹಾಳೆಗೆ ನಾಲ್ಕು ಅಂಕಣಗಳಿದ್ದವು. ಇನ್ನು ‘ಸನ್ಹೆದ್ರಿನ್ 4:5’ ಎಂದು ಎರಡು ಅಂಕಿಗಳಿದ್ದರೆ ಅದು ಸಾಮಾನ್ಯವಾಗಿ ಮಿಷ್ನಾದ 4ನೆಯ ಅಧ್ಯಾಯ, 5ನೆಯ ಸೂತ್ರ. ವಿಚಿತ್ರವೆಂದರೆ ನಮ್ಮ ಮಾತಿಗೆ ಈ ಉಲ್ಲೇಖವೂ ಸರಿಯೇ. ಆ ಸೂತ್ರ ತಾಲ್ಮೂದಿನಲ್ಲಿ 37ಎಯಲ್ಲಿ ಬರುತ್ತದೆ. ಸ್ಥಳ ಒಂದೇ, ವಿಳಾಸ ಎರಡು.

ಇಂಗ್ಲಿಷ್ ಅನುವಾದದಲ್ಲಿ ಹುಡುಕುವವರು ಪುಟದ ಸಂಖ್ಯೆಯನ್ನು ಪೂರ್ತಿ ಮರೆತುಬಿಡಬೇಕು. ಒಳ್ಳೆಯ ಅನುವಾದಗಳು ಮೂಲದ ಹಾಳೆ, ಮಗ್ಗುಲುಗಳನ್ನು ತಮ್ಮ ಪಠ್ಯದಲ್ಲೇ ಗುರುತು ಮಾಡಿರುತ್ತವೆ. ಆ 37ಎ ಎಂಬ ಗುರುತಿನಿಂದ 37ಬಿ ಎಂಬ ಗುರುತಿನವರೆಗೆ ಓದಬೇಕು. ಮೂಲದ ಒಂದು ಮಗ್ಗುಲು ಅನುವಾದದಲ್ಲಿ ಹಲವು ಪುಟಗಳಿಗೆ ಹರಡುವುದುಂಟು. ಉಲ್ಲೇಖ ಕೇರಿಯನ್ನು ತೋರಿಸುತ್ತದೆ; ಮನೆಯನ್ನು ನಾವೇ ಹುಡುಕಬೇಕು.

ಹಾಗೆ ಹುಡುಕಿದಾಗ ನಮ್ಮ ಮಾತು ಎಲ್ಲಿ ಸಿಗುತ್ತದೆ? ಮರಣದಂಡನೆ ಒದಗಬಹುದಾದ ಮೊಕದ್ದಮೆಯಲ್ಲಿ ಸಾಕ್ಷಿಗಳಿಗೆ ಎಚ್ಚರಿಕೆ ಕೊಡುವ ಪ್ರಸಂಗದಲ್ಲಿ. ಊಹೆಯಿಂದ, ಕೇಳಿದ ಸುದ್ದಿಯಿಂದ ಸಾಕ್ಷಿ ನುಡಿಯಬೇಡಿ. ಹಣದ ವ್ಯಾಜ್ಯವಾದರೆ ತಪ್ಪಿಗೆ ಹಣ ತೆತ್ತು ಪ್ರಾಯಶ್ಚಿತ್ತ ಮಾಡಿಕೊಳ್ಳಬಹುದು, ಪ್ರಾಣದ ವ್ಯಾಜ್ಯದಲ್ಲಿ ಸತ್ತವನ ರಕ್ತವೂ ಅವನಿಗೆ ಹುಟ್ಟಬಹುದಾಗಿದ್ದ ಸಂತತಿಯ ರಕ್ತವೂ ನಿಮ್ಮ ತಲೆಗೆ ಬರುತ್ತದೆ ಎಂದು ಅವರಿಗೆ ತಿಳಿಹೇಳಬೇಕು. ಆದಿಯಲ್ಲಿ ದೇವರು ಮಾನವನನ್ನು ಒಬ್ಬನನ್ನಾಗಿಯೇ ಸೃಷ್ಟಿಸಿದ್ದು ಏಕೆ? ಒಂದು ಪ್ರಾಣ ತೆಗೆದವನು ಒಂದು ಲೋಕವನ್ನೇ ಅಳಿಸಿದಂತೆ, ಉಳಿಸಿದವನು ಲೋಕವನ್ನೇ ಉಳಿಸಿದಂತೆ ಎಂದು ಕಲಿಸುವುದಕ್ಕಾಗಿ. ಉಂಗುರದ ಮೇಲೆ ಶ್ಲಾಘನೆಯಾಗಿ ನಿಂತ ಮಾತು, ತನ್ನ ಮೂಲದಲ್ಲಿ ಸುಳ್ಳುಸಾಕ್ಷಿಗೆ ಹೊರಟವನ ನಾಲಗೆಯನ್ನು ತಡೆಯುವ ಮಾತು.

ಇನ್ನೊಂದು ಸಂಗತಿಯನ್ನೂ ಅಲ್ಲಿ ಕಾಣುತ್ತೀರಿ. ಪ್ರಚಾರದಲ್ಲಿರುವ ತಾಲ್ಮೂದ್ ಮುದ್ರಣಗಳಲ್ಲಿ ‘ಇಸ್ರೇಲಿನ’ ಒಂದು ಪ್ರಾಣ ಎಂಬ ವಿಶೇಷಣವಿದೆ. ಮಿಷ್ನಾದ ಕೆಲವು ಹಳೆಯ ಹಸ್ತಪ್ರತಿಗಳಲ್ಲಿಯೂ ಜೆರೂಸಲೇಮ್ ತಾಲ್ಮೂದಿನಲ್ಲಿಯೂ ಆ ಪದವಿಲ್ಲ. ಸೂತ್ರದ ವಾದ ನಿಂತಿರುವುದು ಆದಿಮಾನವನ ಮೇಲೆ. ಅವನು ಎಲ್ಲ ಜನಾಂಗಗಳಿಗೂ ಮೂಲಪುರುಷ. ಆದ್ದರಿಂದ ವಿಶೇಷಣವಿಲ್ಲದ ಪಾಠವೇ ಹಳೆಯದೆಂದು ಅನೇಕ ವಿದ್ವಾಂಸರ ಮತ. ಒಂದೇ ಒಂದು ಪದದಿಂದ ಮಾತಿನ ವ್ಯಾಪ್ತಿ ಒಂದು ಜನಾಂಗಕ್ಕೆ ಕುಗ್ಗುತ್ತದೆ, ಇಲ್ಲವೆ ಮನುಷ್ಯಕುಲಕ್ಕೆಲ್ಲ ಹಿಗ್ಗುತ್ತದೆ.

37ಎ ಎಂಬ ಗುರುತು ಈ ಜಗಳವನ್ನು ಬಗೆಹರಿಸದು. ಅದು ಸ್ಥಳವನ್ನು ಹೇಳುತ್ತದೆಯೇ ಹೊರತು ಪಾಠವನ್ನು ಹೇಳುವುದಿಲ್ಲ. ಹಾಳೆಯ ಕೊನೆಯನ್ನು ನೂರಾರು ವರ್ಷ ಕದಲಿಸದೆ ಕಾಪಾಡಿದ ಮುದ್ರಕರ ಅಚ್ಚಿನಲ್ಲಿಯೂ ಹಾಳೆಯ ಒಳಗಿನ ಪದವೊಂದು ಹಳೆಯ ಪ್ರತಿಗಳಿಂದ ಬೇರೆಯಾಗಿ ನಿಂತಿರಬಹುದು. ಆದ್ದರಿಂದ ಇಂಥ ಉಲ್ಲೇಖ ಕಂಡಾಗ ಮೊದಲು ಪ್ರಕರಣವನ್ನು ನೋಡಿ, ಬಳಿಕ ಹಾಳೆ ಮತ್ತು ಮಗ್ಗುಲನ್ನು ಹಿಡಿಯಿರಿ, ಸಂದರ್ಭವನ್ನು ಪೂರ್ತಿ ಓದಿ, ಕಡೆಗೆ ಪಾಠಾಂತರವುಂಟೇ ಎಂದು ವಿಚಾರಿಸಿ. ಈ ನಾಲ್ಕು ಹೆಜ್ಜೆಗಳಾದ ಮೇಲೆ ಆ ಮಾತನ್ನು ನೀವು ಧೈರ್ಯವಾಗಿ ಇನ್ನೊಬ್ಬರಿಗೆ ಹೇಳಬಹುದು.