ಪ್ರತಿ ವರ್ಷ ಸೊನ್ನೆಯಿಂದ ಶುರು ಮಾಡೋಕಾಗುತ್ತಾ?

ಬಿಕಾಂ ಓದಿದವರಿಗೆ ಝೀರೋ ಬೇಸ್ಡ್ ಬಜೆಟಿಂಗ್ ಅಂದ್ರೆ ಒಂದು ಐದು ಮಾರ್ಕಿನ ಪ್ರಶ್ನೆ. ಅರ್ಥ ಬರೆಯಿರಿ, ಎರಡು ಅನುಕೂಲ, ಎರಡು ಅನಾನುಕೂಲ, ಮುಗೀತು. ನಾನೂ ಹಾಗೇ ಬರೆದು ಪಾಸಾದವನು. ಆದ್ರೆ ಇದನ್ನು ಒಂದು ಇಡೀ ರಾಜ್ಯದಲ್ಲಿ ನಿಜವಾಗಿ ಮಾಡಿ ನೋಡಿದ್ದಾರೆ. ಅಲ್ಲಿ ಏನಾಯ್ತು ಅನ್ನೋದು ಆ ಐದು ಮಾರ್ಕಿಗಿಂತ ಸ್ವಾರಸ್ಯವಾಗಿದೆ. ಇವತ್ತು ಅದೇ ಕಥೆ.

ಮೊದಲು ಸಾಮಾನ್ಯ ಬಜೆಟ್ ಹೇಗಿರುತ್ತೆ ಅಂತ ನೋಡೋಣ. ಒಂದು ಇಲಾಖೆಗೆ ಹೋದ ವರ್ಷ 1 ಕೋಟಿ ರೂಪಾಯಿ ಕೊಟ್ಟಿದ್ರು ಅಂದುಕೊಳ್ಳಿ. ಈ ವರ್ಷ ಬೆಲೆ ಏರಿದೆ, 8 ಲಕ್ಷ ಜಾಸ್ತಿ ಕೊಡಿ ಅಂತ ಕೇಳ್ತಾರೆ. ಚರ್ಚೆ ಎಲ್ಲ ಆ 8 ಲಕ್ಷದ ಮೇಲೇ ನಡೆಯುತ್ತೆ. ಕೆಳಗಿರೋ 1 ಕೋಟಿ ಯಾಕೆ ಬೇಕು ಅಂತ ಯಾರೂ ಕೇಳಲ್ಲ. ಹತ್ತು ವರ್ಷದ ಹಿಂದೆ ಯಾವುದೋ ಕಾರಣಕ್ಕೆ ಶುರುವಾದ ಕೆಲಸ, ಆ ಕಾರಣ ಹೋದ ಮೇಲೂ ಹಾಗೇ ಉಳಿದುಬಿಡುತ್ತೆ.

ಇದಕ್ಕೆ ಉತ್ತರ ಕೊಟ್ಟವರು ಪೀಟರ್ ಪೈರ್. ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯಲ್ಲಿದ್ದಾಗ ರೂಪಿಸಿದ ಪದ್ಧತಿಯ ಬಗ್ಗೆ ಅವರು 1970ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಲೇಖನ ಬರೆದರು. ಅದನ್ನು ಓದಿ ಮೆಚ್ಚಿದವರು ಜಿಮ್ಮಿ ಕಾರ್ಟರ್. 1971ರಲ್ಲಿ ಅವರು ಜಾರ್ಜಿಯಾ ರಾಜ್ಯದ ಗವರ್ನರ್ ಆದರು. ಪೈರ್ ಅವರನ್ನೇ ಕರೆಸಿಕೊಂಡು, 1973ರ ಹಣಕಾಸು ವರ್ಷದ ಬಜೆಟ್ಟನ್ನು ಈ ಪದ್ಧತಿಯಲ್ಲಿ ಮಾಡಿಸಿದರು.

ಪದ್ಧತಿ ಹೇಗೆ ಕೆಲಸ ಮಾಡುತ್ತೆ ಅನ್ನೋದಕ್ಕೆ ಒಂದು ಉದಾಹರಣೆ ಹೇಳ್ತೀನಿ. ಇದರ ಅಂಕಿಗಳು ನಾನೇ ಹಾಕಿಕೊಂಡಿರೋದು. ಆರೋಗ್ಯ ಇಲಾಖೆ ಕೆಳಗೆ ಕುಡಿಯುವ ನೀರು ಪರೀಕ್ಷೆ ಮಾಡೋ ಲ್ಯಾಬ್ ಇದೆ, ವರ್ಷಕ್ಕೆ 1 ಕೋಟಿ ಖರ್ಚು. ಲ್ಯಾಬಿನ ಮುಖ್ಯಸ್ಥರು ತಮ್ಮ ಕೆಲಸವನ್ನು ಮೂರು ತುಂಡು ಮಾಡಬೇಕು. ಒಂದೊಂದು ತುಂಡಿಗೂ ಡಿಸಿಷನ್ ಪ್ಯಾಕೇಜ್ ಅಂತ ಹೆಸರು. ಮೊದಲನೆಯದು ಕನಿಷ್ಠ ಮಟ್ಟ: 60 ಲಕ್ಷ ಕೊಟ್ರೆ ದೊಡ್ಡ ಊರುಗಳ ನೀರು ಮಾತ್ರ ಪರೀಕ್ಷೆ ಮಾಡ್ತೀವಿ. ಎರಡನೆಯದು: ಇನ್ನೂ 25 ಲಕ್ಷ ಕೊಟ್ರೆ ಸಣ್ಣ ಪಟ್ಟಣಗಳೂ ಸೇರುತ್ತವೆ. ಮೂರನೆಯದು: ಅದರ ಮೇಲೆ 15 ಲಕ್ಷ ಕೊಟ್ರೆ ಎಲ್ಲಾ ಹಳ್ಳಿಗಳ ಬಾವಿಗಳನ್ನೂ ನೋಡ್ತೀವಿ. ಪ್ರತಿ ಪ್ಯಾಕೇಜಲ್ಲೂ ಇದನ್ನು ಕೊಡದಿದ್ರೆ ಏನಾಗುತ್ತೆ, ಇದೇ ಕೆಲಸಕ್ಕೆ ಬೇರೆ ದಾರಿ ಇದೆಯಾ ಅಂತಲೂ ಬರೆಯಬೇಕು.

ಇನ್ನು ಮೇಲಿನ ಅಧಿಕಾರಿ ಏನ್ಮಾಡ್ತಾರೆ? ಲ್ಯಾಬ್, ಲಸಿಕೆ, ಆಂಬುಲೆನ್ಸ್, ಎಲ್ಲರ ಪ್ಯಾಕೇಜ್‌ಗಳನ್ನೂ ಒಟ್ಟಿಗೆ ಇಟ್ಟು ರ‍್ಯಾಂಕ್ ಕೊಡ್ತಾರೆ. ಅತಿ ಮುಖ್ಯವಾದದ್ದು ಮೇಲೆ, ಉಳಿದದ್ದು ಕೆಳಗೆ. ಕೈಯಲ್ಲಿರೋ ಹಣ ಎಲ್ಲಿ ಮುಗಿಯುತ್ತೋ ಅಲ್ಲೊಂದು ಗೆರೆ. ಗೆರೆಯ ಮೇಲಿನವು ಉಳೀತಾವೆ, ಕೆಳಗಿನವು ಬೀಳ್ತಾವೆ. ಅಂದ್ರೆ ಆಂಬುಲೆನ್ಸಿನ ಮೂರನೇ ಪ್ಯಾಕೇಜಿಗಿಂತ ಲ್ಯಾಬಿನ ಎರಡನೇ ಪ್ಯಾಕೇಜ್ ಮುಖ್ಯವಾ ಅಂತ ಯಾರೋ ಒಬ್ಬರು ಬಾಯಿಬಿಟ್ಟು ಹೇಳಲೇಬೇಕಾಗುತ್ತೆ. ಕಾಗದದ ಮೇಲೆ ಇದು ತುಂಬಾ ನ್ಯಾಯವಾಗಿ ಕಾಣುತ್ತೆ.

ಈಗ ಜಾರ್ಜಿಯಾಕ್ಕೆ ವಾಪಸ್ ಬರೋಣ. ಅಲ್ಲಿ ತಯಾರಾದ ಪ್ಯಾಕೇಜ್‌ಗಳು ಸುಮಾರು 10,000. ಸ್ವಲ್ಪ ಲೆಕ್ಕ ಹಾಕಿ. ಗವರ್ನರ್ ದಿನಕ್ಕೆ ನಾಲ್ಕು ಗಂಟೆಯಂತೆ ಎರಡು ತಿಂಗಳು, ಭಾನುವಾರವೂ ಬಿಡದೆ ಕೂತರೆ 14,400 ನಿಮಿಷ. ಒಂದು ಪ್ಯಾಕೇಜಿಗೆ ಒಂದೂವರೆ ನಿಮಿಷವೂ ಪೂರ್ತಿ ಸಿಗಲ್ಲ. 1977ರಲ್ಲಿ ಹಾರ್ವರ್ಡಿನ ಪ್ರೊಫೆಸರ್ ರಾಬರ್ಟ್ ಆಂಥನಿ ಇಂಥದ್ದೇ ಲೆಕ್ಕ ಮುಂದಿಟ್ಟು, ಈ ಪದ್ಧತಿಯೇ ಒಂದು ಮೋಸ ಅಂತ ವಾಲ್ ಸ್ಟ್ರೀಟ್ ಜರ್ನಲ್‌ನಲ್ಲಿ ಬರೆದರು. ಮೇಲಿನವರಿಗೆ ಎಲ್ಲ ಓದೋಕೆ ಆಗಲ್ಲ ಅಂದ್ಮೇಲೆ, ಕೆಳಗಿನವರು ಕೊಟ್ಟ ರ‍್ಯಾಂಕೇ ಬಹುಪಾಲು ಕೊನೆಯ ತೀರ್ಮಾನ ಆಗುತ್ತೆ.

ಎರಡನೇ ತೊಡಕು ಅಲ್ಲೇ ಇದೆ. ಪ್ಯಾಕೇಜ್ ಬರೆಯೋರು ಯಾರು? ಹಣ ಕಳೆದುಕೊಳ್ಳಬಹುದಾದ ಅದೇ ಇಲಾಖೆಯವರು. ನಮ್ಮ ಲ್ಯಾಬಿನ ಮುಖ್ಯಸ್ಥರು ಬುದ್ಧಿವಂತರಾದ್ರೆ, ಶಾಲೆಗಳ ನೀರಿನ ಪರೀಕ್ಷೆಯನ್ನು ಬೇಕಂತಲೇ ಮೂರನೇ ಪ್ಯಾಕೇಜಿಗೆ ಹಾಕ್ತಾರೆ. ಮಕ್ಕಳು ಕುಡಿಯೋ ನೀರಿಗೆ ಕತ್ತರಿ ಹಾಕೋ ಧೈರ್ಯ ಯಾವ ಮಂತ್ರಿಗಿದೆ ಹೇಳಿ? ಯಾರೂ ಓದದ ವರದಿಗಳನ್ನು ಅಚ್ಚು ಹಾಕೋ ಖರ್ಚು ಮಾತ್ರ ಮೊದಲನೇ ಪ್ಯಾಕೇಜಿನಲ್ಲಿ ಬೆಚ್ಚಗೆ ಕೂತಿರುತ್ತೆ. ಇದನ್ನು ಹಿಡಿಯಬೇಕಾದ್ರೆ ಮೇಲೆ ಕೂತವರಿಗೆ ಲ್ಯಾಬಿನ ಕೆಲಸ ಲ್ಯಾಬಿನವರಷ್ಟೇ ಗೊತ್ತಿರಬೇಕು. ಅಂಥವರು ಎಷ್ಟು ಜನ ಸಿಗ್ತಾರೆ?

ಮೂರನೆಯದು, ಸೊನ್ನೆ ನಿಜವಾಗಿ ಸೊನ್ನೆಯಾಗಿ ಉಳಿಯಲ್ಲ. ಸಂಬಳ, ಪಿಂಚಣಿ, ಸಾಲದ ಬಡ್ಡಿ, ಕಾನೂನು ಪ್ರಕಾರ ಕೊಡಲೇಬೇಕಾದ ಹಣ, ಇವನ್ನು ಪ್ರತಿ ವರ್ಷ ಬೇಕಾ ಬೇಡ್ವಾ ಅಂತ ಕೇಳೋ ಹಾಗಿಲ್ಲ. ಹಾಗಾಗಿ ಕನಿಷ್ಠ ಮಟ್ಟ ಅಂದ್ರೆ ಹೋದ ವರ್ಷದ ಶೇ 80 ಅಂತ ಏನೋ ಒಂದು ಅಂಕಿ ಇಟ್ಟುಬಿಡ್ತಾರೆ. ಆಗ ಪ್ರಶ್ನೆ ಉಳಿಯೋದು ಮೇಲಿನ 20ಕ್ಕೆ ಮಾತ್ರ. ಬಿಟ್ಟು ಬಂದ ಹಳೇ ಪದ್ಧತಿಗೇ ಸುತ್ತು ಹಾಕಿ ಮರಳಿದ ಹಾಗಾಯ್ತು, ಜೊತೆಗೆ ಫಾರಂ ತುಂಬೋ ಕೆಲಸ ಬೇರೆ.

ಹಾಗಾದ್ರೆ ಜಾರ್ಜಿಯಾದಲ್ಲಿ ಹಣ ಅಲ್ಲಿಂದಿಲ್ಲಿಗೆ ಬದಲಾಯ್ತಾ? ಇಲಾಖೆಗಳ 13 ಮುಖ್ಯಸ್ಥರನ್ನು ಮುಂದೆ ಅಧ್ಯಯನಕಾರರು ಕೇಳಿದಾಗ, ಬದಲಾಗಿರಬಹುದು ಅಂದವರು ಇಬ್ಬರೇ. ಇನ್ನೂ ದೊಡ್ಡ ಸುಳಿವು ಬೇರೆ ಇದೆ. ರಾಜ್ಯದ ಆದಾಯದ ಅಂದಾಜು ಬದಲಾದಾಗ ಏನ್ಮಾಡಬೇಕಿತ್ತು? ಗೆರೆಯನ್ನು ಸ್ವಲ್ಪ ಮೇಲೋ ಕೆಳಗೋ ಸರಿಸಿದ್ರೆ ಸಾಕಿತ್ತು, ರ‍್ಯಾಂಕ್ ಪಟ್ಟಿ ಇರೋದೇ ಅದಕ್ಕೆ. ಅವರು ಹಾಗೆ ಮಾಡಲಿಲ್ಲ. ಹೊಸದಾಗಿ ಬೇಡಿಕೆ ಕಳಿಸಿ ಅಂತ ಇಲಾಖೆಗಳಿಗೆ ಹೇಳಿದರು. ಪಟ್ಟಿ ಮಾಡಿಸಿದವರೇ ಪಟ್ಟಿಯನ್ನು ನಂಬಲಿಲ್ಲ ಅಂತ ಇದರ ಅರ್ಥ ಅಲ್ವಾ?

ಹಾಗಂತ ಲಾಭವೇ ಇರಲಿಲ್ಲ ಅನ್ನೋದು ತಪ್ಪು. ತಮ್ಮ ಕೈಕೆಳಗೆ ಯಾವ ಕೆಲಸಕ್ಕೆ ಎಷ್ಟು ಖರ್ಚಾಗುತ್ತೆ ಅಂತ ಮ್ಯಾನೇಜರ್‌ಗಳಿಗೆ ಮೊದಲಿಗಿಂತ ಚೆನ್ನಾಗಿ ಗೊತ್ತಾಯ್ತು. ಆದ್ರೆ ಆ ತಿಳಿವಳಿಕೆ ಬಹುತೇಕ ಮೊದಲ ಸಲವೇ ಸಿಗುತ್ತೆ. ಎರಡನೇ ವರ್ಷ ಲ್ಯಾಬಿನ ಕೆಲಸ ಅದೇ, ಊರುಗಳೂ ಅವೇ. ಹೋದ ವರ್ಷದ ಫೈಲ್ ತೆಗೆದು ಇಸವಿ ಬದಲಾಯಿಸಿ ಕಳಿಸ್ತಾರೆ. ಶ್ರಮ ಪ್ರತಿ ವರ್ಷವೂ ಇರುತ್ತೆ, ಕಲಿಯೋದು ಕಡಿಮೆಯಾಗ್ತಾ ಹೋಗುತ್ತೆ. ಪದ್ಧತಿ ಬಾಳದಿರೋದಕ್ಕೆ ನನ್ನ ಪ್ರಕಾರ ಇದೇ ದೊಡ್ಡ ಕಾರಣ.

ಕಾರ್ಟರ್ ಅಧ್ಯಕ್ಷರಾದ ಮೇಲೆ 1977ರಲ್ಲಿ ಇದನ್ನೇ ಅಮೆರಿಕದ ಕೇಂದ್ರ ಸರ್ಕಾರಕ್ಕೂ ತಂದರು. 1981ರಲ್ಲಿ ರೇಗನ್ ಸರ್ಕಾರ ಅದನ್ನು ಕೈಬಿಟ್ಟಿತು.

ಹಾಗಾದ್ರೆ ಹೇಗೆ ಮಾಡಬಹುದು? ಎಲ್ಲಾ ಇಲಾಖೆಗಳನ್ನು ಪ್ರತಿ ವರ್ಷ ಎಳೆದು ತರೋ ಬದಲು ಸರದಿ ಹಾಕಬಹುದು. ಒಂದು ಇಲಾಖೆಗೆ ಐದು ವರ್ಷಕ್ಕೊಮ್ಮೆ, ಆದ್ರೆ ಆ ಸಲ ಹೊರಗಿನವರು ಬಂದು ಪೂರ್ತಿ ಬಗೆದು ನೋಡಬೇಕು. ಆಗ ಒಂದೂವರೆ ನಿಮಿಷಕ್ಕಿಂತ ಹೆಚ್ಚು ಸಮಯ ಸಿಗುತ್ತೆ.

ನಿಮ್ಮ ಆಫೀಸಲ್ಲಿ ಇದು ಶುರುವಾದ್ರೆ ಎರಡು ವಿಷಯ ಗಮನಿಸಿ. ಎಲ್ಲರ ಕನಿಷ್ಠ ಪ್ಯಾಕೇಜೂ ಹೋದ ವರ್ಷದ ಬಜೆಟ್ಟಿನ ಹತ್ತಿರವೇ ಇದೆಯಾ? ಎರಡು ವರ್ಷ ಕಳೆದರೂ ಒಂದು ಕೆಲಸವಾದ್ರೂ ನಿಂತಿಲ್ವಾ? ಎರಡಕ್ಕೂ ಉತ್ತರ ಹೌದು ಅಂತಾದ್ರೆ, ಅಲ್ಲಿ ಸೊನ್ನೆ ಇರೋದು ಹೆಸರಲ್ಲಿ ಮಾತ್ರ. ಮುಂದಿನ ಎಪಿಸೋಡಲ್ಲಿ ಸಿಗೋಣ.